ಸ್ಲ್ಯಾಂಟ್‌ನಲ್ಲಿಟ್ಟ ದುಂಡಾಣು ಬದುಕಿದೆ, ಆದರೆ ಗಿಡ ಸೊರಗುತ್ತಿಲ್ಲ. ಗ್ಲಿಸರಾಲ್‌ಗೆ ಹೋಗಲೋ, ಫ್ರೀಜ್ ಡ್ರೈ ಮಾಡಿಸಲೋ?

ಬಾಡಿದ ಟೊಮೆಟೊ

ಎಲ್ಲರಿಗೂ ನಮಸ್ಕಾರ. ಸಸ್ಯರೋಗ ವಿಭಾಗದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ ದುಂಡಾಣು ಸೊರಗು ರೋಗ, ಅಂದರೆ ರಾಲ್ಸ್ಟೋನಿಯ. ಕೋಲಾರದ ಕಡೆಯ ಟೊಮೆಟೊ ಹೊಲಗಳಿಂದ, ಸಾಗರದ ಕಡೆಯ ಶುಂಠಿಯಿಂದ ಬೇರ್ಪಡಿಸಿದ ಕಲ್ಚರ್‌ಗಳು ನನ್ನ ಹತ್ತಿರ ಇವೆ. ಎಲ್ಲವನ್ನೂ ನ್ಯೂಟ್ರಿಯೆಂಟ್ ಅಗರ್ ಸ್ಲ್ಯಾಂಟ್‌ನಲ್ಲಿ ಫ್ರಿಜ್‌ನಲ್ಲಿಟ್ಟು, ತಿಂಗಳಿಗೊಮ್ಮೆ ಹೊಸ ಸ್ಲ್ಯಾಂಟ್‌ಗೆ ದಾಟಿಸುತ್ತಾ ಬಂದಿದ್ದೇನೆ.

ಈಗ ತೊಂದರೆ ಏನೆಂದರೆ, ಸ್ಲ್ಯಾಂಟ್ ಮೇಲೆ ಚೆನ್ನಾಗಿ ಬೆಳೆಯುತ್ತದೆ. ಮೊದಲಿಗಿಂತ ಚೆನ್ನಾಗಿಯೇ ಬೆಳೆಯುತ್ತದೆ. ಆದರೆ ಟೊಮೆಟೊ ಸಸಿಗೆ ಹಾಕಿದರೆ ಗಿಡ ಸೊರಗುವುದೇ ಇಲ್ಲ. ಶುರುವಿನಲ್ಲಿ ಇದೇ ಕಲ್ಚರ್ ಒಂದು ವಾರದಲ್ಲಿ ಗಿಡ ಮಲಗಿಸುತ್ತಿತ್ತು.

ನಮ್ಮಲ್ಲಿ ಮೈನಸ್ 20ರ ಫ್ರೀಜರ್ ಒಂದಿದೆ. ಮೈನಸ್ 80 ಬೇರೆ ವಿಭಾಗದ್ದು, ಕೇಳಿದರೆ ಒಂದು ಡಬ್ಬಿ ಇಡಲು ಜಾಗ ಕೊಡುತ್ತಾರೆ. ಫ್ರೀಜ್ ಡ್ರೈ ಯಂತ್ರ ಇಲ್ಲ, ಹೊರಗೆ ಮಾಡಿಸಬೇಕು. ಯಾವುದು ಸರಿ?

ಗುರುಪ್ರಸಾದ್ ಕೆ

ಇದರಲ್ಲಿ ಯೋಚಿಸುವುದೇನಿದೆ? ಸ್ಲ್ಯಾಂಟ್ ಕಾಲ ಮುಗಿಯಿತು. 15% ಗ್ಲಿಸರಾಲ್ ಮಾಡಿ ಮೈನಸ್ 20ಕ್ಕೆ ಹಾಕಿ ಮರೆತುಬಿಡಿ. ನಮ್ಮ ಕಂಪನಿಯಲ್ಲಿ ಇ. ಕೋಲಿ ಎಲ್ಲ ಹಾಗೇ ಇಟ್ಟಿದ್ದೇವೆ. ಮೂರು ವರ್ಷದ ಹಳೆಯದನ್ನು ತೆಗೆದು ಸ್ಟ್ರೀಕ್ ಮಾಡಿದೆ, ಪ್ಲೇಟ್ ತುಂಬ ಬೆಳೆಯಿತು. ನಿಮ್ಮ ಕಲ್ಚರ್‌ಗೆ ಫ್ರಿಜ್‌ನಲ್ಲಿ ಶಕ್ತಿ ಕುಂದಿದೆ ಅಷ್ಟೇ. ಎರಡು ಸಲ ಹೊಸ ಬ್ರಾತ್‌ನಲ್ಲಿ ಬೆಳೆಸಿ, ಚುರುಕಾಗುತ್ತದೆ.

ಸುಮಾ ಬಿ

ಗುರುಪ್ರಸಾದ್ ಸರ್, ಗ್ಲಿಸರಾಲ್ ಮಾತು ಸರಿ. ಬ್ರಾತ್ ಮಾತು ಮಾತ್ರ ದಯವಿಟ್ಟು ಬೇಡ, ಅದರಿಂದ ಇದ್ದದ್ದೂ ಹೋಗುತ್ತದೆ. ಯಾಕೆ ಅಂತ ಹೇಳುತ್ತೇನೆ. ಅದಕ್ಕೂ ಮೊದಲು ಕೇಳಿದವರಿಗೆ ಎರಡು ಪ್ರಶ್ನೆ. ಯಾವ ಟೊಮೆಟೊ ತಳಿಗೆ ಹಾಕಿದಿರಿ? ಅರ್ಕಾ ರಕ್ಷಕ್, ಅರ್ಕಾ ಅಭಾ ತರಹದವು ಸೊರಗು ತಡೆದುಕೊಳ್ಳುವ ತಳಿಗಳು. ನರ್ಸರಿಯವರು ಕೊಟ್ಟ ಸಸಿಗೆ ಹಾಕಿ, ರೋಗವೇ ಬರಲಿಲ್ಲ ಅಂತ ತಲೆ ಕೆಡಿಸಿಕೊಂಡವರನ್ನು ಕಂಡಿದ್ದೇನೆ. ಎರಡನೆಯದು, ಕಾಲೊನಿ ನೋಡಲು ಟಿಝಡ್‌ಸಿ ಪ್ಲೇಟ್ ಮೇಲೆ ಹಾಕಿದ್ದೀರಾ?

ಬಾಡಿದ ಟೊಮೆಟೊ

ತಳಿ ಪೂಸಾ ರೂಬಿ ಮೇಡಂ, ಮೊದಲಿಂದಲೂ ಅದೇ. ಟಿಝಡ್‌ಸಿ ಶುರುವಿನಲ್ಲಿ ಬೇರ್ಪಡಿಸುವಾಗ ಮಾತ್ರ ಮಾಡಿದ್ದೆ. ಆಮೇಲೆ ಎಲ್ಲ ನ್ಯೂಟ್ರಿಯೆಂಟ್ ಅಗರ್ ಮೇಲೆಯೇ.

ಸುಮಾ ಬಿ

ಹಾಗಾದರೆ ಉತ್ತರ ಬಹುಶಃ ಅಲ್ಲೇ ಇದೆ.

ನಿಮ್ಮ ಕಲ್ಚರ್ ಸುಸ್ತಾಗಿಲ್ಲ, ಬದಲಾಗಿದೆ. ರಾಲ್ಸ್ಟೋನಿಯ ಗಿಡದ ನೀರಿನ ನಾಳದೊಳಗೆ ಲೋಳೆ ತುಂಬಿಸಿ ನೀರು ಹರಿಯದಂತೆ ಮಾಡುತ್ತದೆ, ಗಿಡ ಸೊರಗುವುದು ಅದಕ್ಕೆ. ಲೋಳೆ ಮಾಡುವುದು ಖರ್ಚಿನ ಕೆಲಸ. ಗಿಡದೊಳಗೆ ಆ ಖರ್ಚಿಗೆ ಲಾಭ ಇದೆ, ಅಗರ್ ಮೇಲೆ ಏನೂ ಇಲ್ಲ. ಹಾಗಾಗಿ ಲೋಳೆ ಮಾಡುವುದನ್ನು ಬಿಟ್ಟ ಜೀವಕೋಶ ಒಂದು ಹುಟ್ಟಿದರೆ, ಅದರ ಸಂತತಿ ಸ್ಲ್ಯಾಂಟ್‌ನಲ್ಲಿ ಮುಂದೆ ಹೋಗುತ್ತದೆ. ಎಷ್ಟೋ ಸಲ ಕೆಟ್ಟಿರುವುದು ಪಿಎಚ್‌ಸಿಎ ಅನ್ನುವ ಒಂದೇ ಜೀನ್. ಅದು ಕೈಕೊಟ್ಟರೆ ರೋಗದ ಇಡೀ ಏರ್ಪಾಡು ಮುಚ್ಚಿಹೋಗುತ್ತದೆ.

ಅಲ್ಲಾಡಿಸದೆ ಸುಮ್ನೆ ಇಟ್ಟ ಬ್ರಾತ್‌ನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಬ್ರಾತ್ ಬೇಡ ಅಂದದ್ದು ಅದಕ್ಕೇ.

ಟಿಝಡ್‌ಸಿ ಪ್ಲೇಟ್ ಮಾಡಿ ನೋಡುವುದು ಹೀಗೆ. ಒಂದು ಲೀಟರ್‌ಗೆ ಪೆಪ್ಟೋನ್ 10 ಗ್ರಾಂ, ಕೇಸೀನ್ ಹೈಡ್ರೋಲೈಸೇಟ್ 1 ಗ್ರಾಂ, ಗ್ಲೂಕೋಸ್ 5 ಗ್ರಾಂ, ಅಗರ್ 17 ಗ್ರಾಂ. ಆಟೋಕ್ಲೇವ್ ಆಗಿ, ಫ್ಲಾಸ್ಕ್ ಕೈಯಲ್ಲಿ ಹಿಡಿಯುವಷ್ಟು ತಣಿದ ಮೇಲೆ 1% ಟೆಟ್ರಝೋಲಿಯಂ ದ್ರಾವಣ 5 ಮಿಲಿ. ಸ್ಲ್ಯಾಂಟ್‌ನಿಂದ ನೀರಿಗೆ ತೆಗೆದು, ಒಂಟಿ ಕಾಲೊನಿ ಸಿಗುವ ಹಾಗೆ ತೆಳುವಾಗಿ ಸ್ಟ್ರೀಕ್ ಮಾಡಿ. 28 ಡಿಗ್ರಿಯಲ್ಲಿ ಎರಡು ದಿನ. ರೋಗ ಬರಿಸುವ ಕಾಲೊನಿ ದೊಡ್ಡದು, ಅಂಚು ಸೊಟ್ಟ, ಬಿಳಿ, ನಡುವೆ ತಿಳಿ ಗುಲಾಬಿ. ಪ್ಲೇಟ್ ಓರೆ ಮಾಡಿದರೆ ಹರಿಯುತ್ತದೆ. ಶಕ್ತಿ ಕಳೆದುಕೊಂಡದ್ದು ಚಿಕ್ಕದು, ದುಂಡಗೆ, ಗಾಢ ಕೆಂಪು, ಅಲುಗಾಡುವುದಿಲ್ಲ. ಒಮ್ಮೆ ಎರಡನ್ನೂ ಅಕ್ಕಪಕ್ಕ ನೋಡಿದವರಿಗೆ ಮತ್ತೆ ಗೊಂದಲ ಆಗುವುದಿಲ್ಲ. ನ್ಯೂಟ್ರಿಯೆಂಟ್ ಅಗರ್ ಮೇಲೆ ಈ ವ್ಯತ್ಯಾಸ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಹಳೇ ಲ್ಯಾಬು

ಮೇಡಂ ಹೇಳಿದ್ದು ಸರಿ. ಆದರೆ ಎಲ್ಲದಕ್ಕೂ ಸ್ಲ್ಯಾಂಟನ್ನು ಬೈಯಬೇಡಿ ಮಾರಾಯ್ರೇ. ನಾನು ಲ್ಯಾಬ್ ಅಸಿಸ್ಟೆಂಟ್ ಆಗಿ ನಿವೃತ್ತಿ ಆದವನು. ನಮ್ಮಲ್ಲಿ ಬ್ಯಾಸಿಲಸ್, ಸ್ಟಫೈಲೋಕಾಕಸ್ ಎಲ್ಲ ಸ್ಲ್ಯಾಂಟ್ ಮೇಲೆ ಪ್ಯಾರಾಫಿನ್ ಎಣ್ಣೆ ಸುರಿದು ಇಡುತ್ತಿದ್ದೆವು. ಎಣ್ಣೆ ಸ್ಲ್ಯಾಂಟಿನ ತುದಿಗಿಂತ ಒಂದು ಸೆಂಟಿಮೀಟರ್ ಮೇಲೆ ನಿಲ್ಲಬೇಕು, ತುದಿ ಹೊರಗೆ ಉಳಿದರೆ ಅಲ್ಲಿಂದ ಒಣಗುತ್ತದೆ. ಒಂದು ವರ್ಷ, ಕೆಲವು ಎರಡು ವರ್ಷ ಮುಟ್ಟದೆ ಇರುತ್ತಿದ್ದವು. ಎಣ್ಣೆಯನ್ನು ಹಾಟ್ ಏರ್ ಅವನ್‌ನಲ್ಲಿ 160 ಡಿಗ್ರಿಗೆ ಎರಡು ಗಂಟೆ ಕಾಯಿಸಿ. ಆಟೋಕ್ಲೇವ್ ಮಾಡಿದರೆ ನೀರು ಸೇರಿ ಮಬ್ಬಾಗುತ್ತದೆ. ಆಮೇಲೆ ಲೂಪನ್ನು ಎಣ್ಣೆಯಿಂದ ತೆಗೆದು ನೇರ ಬೆಂಕಿಗೆ ಹಿಡಿಯಬೇಡಿ, ಚಟಪಟ ಅಂತ ಸುತ್ತ ಸಿಡಿಯುತ್ತದೆ.

ನಮ್ಮ ಸೆರೇಶಿಯಾ ಒಂದಿತ್ತು, ಕೆಂಪು ಬಣ್ಣಕ್ಕೆ ಹೆಸರುವಾಸಿ. ಸ್ಲ್ಯಾಂಟಿಂದ ಸ್ಲ್ಯಾಂಟಿಗೆ ದಾಟಿಸಿ ದಾಟಿಸಿ ಕೊನೆಗೆ ಬೆಳ್ಳಗಾಯಿತು. ಅದೂ ಇದೇ ಕಥೆ ಅನ್ನಿಸುತ್ತೆ.

ಸುಮಾ ಬಿ

ಯಾವ ಇನ್‌ಕ್ಯುಬೇಟರ್‌ನಲ್ಲಿ ಸರ್? 37 ಆದರೆ ಸೆರೇಶಿಯಾ ಬಣ್ಣವನ್ನೇ ಮಾಡುವುದಿಲ್ಲ. ಅದೇ ಸ್ಲ್ಯಾಂಟಿಂದ 28ರಲ್ಲಿ ಬೆಳೆಸಿದರೆ ಮತ್ತೆ ಕೆಂಪಾಗುತ್ತದೆ. 28ರಲ್ಲೂ ಬಿಳಿಯಾಗಿಯೇ ಉಳಿದ ಕಾಲೊನಿ ಮಾತ್ರ ನಿಜಕ್ಕೂ ಬದಲಾದದ್ದು.

ಹಳೇ ಲ್ಯಾಬು

37ರಲ್ಲೇ ಇಟ್ಟಿದ್ದೆವು ಅನ್ನಿ. ಹೋಗಲಿ ಬಿಡಿ, ಎಷ್ಟೋ ವರ್ಷದ ಹಿಂದೆ ಎಸೆದಾಯಿತು.

ಅಜ್ಜಿಮನೆ ಅಡುಗೆ

ನಮಸ್ತೆ, ಕಲ್ಚರ್ ಕಾಪಾಡುವುದು ಅಂತ ನೋಡಿ ಬಂದೆ. ನಮ್ಮ ಮನೆ ಮೊಸರಿನ ಹೆಪ್ಪು ಊರಿಗೆ ಹೋಗಿ ಬರುವಷ್ಟರಲ್ಲಿ ಹುಳಿಯಾಗಿ ಹಾಳಾಗುತ್ತದೆ. ಗ್ಲಿಸರಾಲ್ ಹಾಕಿ ಫ್ರೀಜರ್‌ನಲ್ಲಿಟ್ಟರೆ ತಿನ್ನಬಹುದಾ?

ಸುಮಾ ಬಿ

ಗ್ಲಿಸರಾಲ್ ಏನೂ ಬೇಡ ಅಕ್ಕ. ಹೊಸ ಮೊಸರನ್ನು ಐಸ್ ಟ್ರೇನಲ್ಲಿ ಹಾಕಿ ಗಟ್ಟಿ ಮಾಡಿ, ಡಬ್ಬಿಯಲ್ಲಿ ಮುಚ್ಚಿಡಿ. ಕೆಲವು ವಾರ ಚಿಂತೆಯಿಲ್ಲ, ಹಾಲಿನ ಕೊಬ್ಬು ಮತ್ತು ಪ್ರೋಟೀನೇ ಅದನ್ನು ಕಾಯುತ್ತದೆ. ಹೆಪ್ಪು ಹಾಕುವಾಗ ಒಂದರ ಬದಲು ಎರಡು ತುಂಡು ಹಾಕಿ, ಸ್ವಲ್ಪ ಜಾಸ್ತಿ ಹೊತ್ತು ಬಿಡಿ.

ಲಾನ್ಸಿಂಗ್ ಕನ್ನಡಿಗ

ಸ್ಲ್ಯಾಂಟ್ ದಾಟಿಸುವುದರ ಲೆಕ್ಕ ಒಂದು ಹೇಳಲಾ? ಲೂಪಿನಲ್ಲಿ ಒಂದು ಲಕ್ಷ ಜೀವಕೋಶ ಹೋಯಿತು ಅಂದುಕೊಳ್ಳಿ, ಹೊಸ ಸ್ಲ್ಯಾಂಟ್ ತುಂಬುವಾಗ ಮುನ್ನೂರು ಕೋಟಿ. ಅಂದರೆ ಸುಮಾರು 15 ತಲೆಮಾರು. ತಿಂಗಳಿಗೊಮ್ಮೆ ದಾಟಿಸಿದರೆ ವರ್ಷಕ್ಕೆ 180. ನೀವು ಕಲ್ಚರ್ ಕಾಪಾಡುತ್ತಿಲ್ಲ, ವಿಕಾಸದ ಪ್ರಯೋಗ ನಡೆಸುತ್ತಿದ್ದೀರಿ.

ಬೇಕೆಂದೇ ಆ ಪ್ರಯೋಗ ಮಾಡಿದವರು ನಮ್ಮೂರಿನ ವಿಶ್ವವಿದ್ಯಾಲಯದಲ್ಲಿದ್ದರು, ರಿಚರ್ಡ್ ಲೆನ್ಸ್ಕಿ. 1988ರಿಂದ ಇ. ಕೋಲಿಯ 12 ಸಾಲುಗಳನ್ನು ದಿನಾ ದಾಟಿಸುತ್ತಾ ಬಂದರು. ಪ್ರತಿ 500 ತಲೆಮಾರಿಗೊಮ್ಮೆ ಗ್ಲಿಸರಾಲ್ ಸೇರಿಸಿ ಮೈನಸ್ 80ಕ್ಕೆ ಹಾಕಿದರು. ಬೇಕಾದಾಗ ಹಳೆಯ ಪೂರ್ವಜನನ್ನು ತೆಗೆದು, ಈಗಿನದರ ಜೊತೆ ಸ್ಪರ್ಧೆಗೆ ಬಿಡುತ್ತಾರೆ. ಹಾಗೆ ಮಾಡಲು ಆಗುವುದು ಡೀಪ್ ಫ್ರೀಜರ್‌ನಲ್ಲಿ ತಲೆಮಾರು ನಿಂತಿರುತ್ತದೆ ಅನ್ನುವ ಕಾರಣಕ್ಕೇ. 2022ರಲ್ಲಿ ಪ್ರಯೋಗ ಟೆಕ್ಸಾಸ್‌ಗೆ ಹೋಯಿತು.

ಗುರುಪ್ರಸಾದ್ ಕೆ

ನಾನು ಹೇಳಿದ್ದೂ ಅದೇ ಅಲ್ವಾ, ಗ್ಲಿಸರಾಲ್. ಮೈನಸ್ 80 ಇಲ್ಲದಿದ್ದರೆ 20. ನನ್ನ ಇ. ಕೋಲಿ ಮೂರು ವರ್ಷ ಬದುಕಿದ್ದು ಸುಳ್ಳಾ?

ಸುಮಾ ಬಿ

ಸುಳ್ಳಲ್ಲ ಸರ್. ಆದರೆ ಪ್ಲೇಟ್ ತುಂಬ ಬೆಳೆಯಿತು ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಇಡುವಾಗ ಮಿಲಿಗೆ ನೂರು ಕೋಟಿ ಇತ್ತು ಅನ್ನೋಣ. ಅದು ಹತ್ತು ಸಾವಿರಕ್ಕೆ ಇಳಿದರೂ, ಲೂಪಿನಲ್ಲಿ ಬರುವ ನೂರು ಜೀವಕೋಶಕ್ಕೆ ಪ್ಲೇಟ್ ಮೇಲೆ ನೂರು ಕಾಲೊನಿ ಬರುತ್ತದೆ. ನೋಡಿದವರಿಗೆ ಚೆನ್ನಾಗಿದೆ ಅನ್ನಿಸುತ್ತದೆ. ಲಕ್ಷಕ್ಕೆ ಒಂದು ಉಳಿದಿರುತ್ತದೆ, ಮುಂದಿನ ವರ್ಷ ಅದೂ ಇರುವುದಿಲ್ಲ. ಇಟ್ಟ ದಿನ ಒಂದು ವಯಲ್, ಆರು ತಿಂಗಳಿಗೆ ಒಂದು ವಯಲ್, ಡೈಲ್ಯೂಷನ್ ಮಾಡಿ ಎಣಿಸಿದರೆ ಮಾತ್ರ ಇಳಿತ ಕಾಣುತ್ತದೆ.

15% ಮೈನಸ್ 80ಕ್ಕೆ ಸರಿ. ಮೈನಸ್ 20ರಲ್ಲಿ ಅದು ಅರೆಬರೆ ಹೆಪ್ಪುಗಟ್ಟುತ್ತದೆ. ಮಂಜಿನ ನಡುವೆ ಉಳಿದ ಸ್ವಲ್ಪ ದ್ರವದಲ್ಲಿ ಉಪ್ಪೆಲ್ಲ ದಟ್ಟವಾಗಿ, ಜೀವಕೋಶ ಅದರಲ್ಲೇ ಕೂತಿರುತ್ತದೆ. ಅದರ ಮೇಲೆ ಫ್ರಾಸ್ಟ್ ಫ್ರೀ ಫ್ರೀಜರ್ ಆದರೆ ಕೆಲಸ ಕೆಟ್ಟಿತು. ಮಂಜು ಕಟ್ಟಬಾರದು ಅಂತ ಅದು ಆಗಾಗ ತಾನೇ ಬೆಚ್ಚಗಾಗುತ್ತದೆ. ಪ್ರತಿ ಸಲ ಅಂಚು ಕರಗಿ ಮತ್ತೆ ಗಟ್ಟಿಯಾಗುತ್ತದೆ. 20ರಲ್ಲೇ ಇಡಬೇಕಾದರೆ ಗ್ಲಿಸರಾಲ್ ಅರ್ಧಕ್ಕರ್ಧ ಇರಲಿ. 50%ದ್ದು ಆ ಚಳಿಗೆ ಗಟ್ಟಿಯಾಗುವುದೇ ಇಲ್ಲ, ಹಾಗಾಗಿ ಮಂಜಿನ ಪೆಟ್ಟೂ ಇಲ್ಲ. ಆದರೆ ಜೀವಕೋಶದ ಕೆಲಸ ಪೂರ್ತಿ ನಿಂತಿರುವುದಿಲ್ಲ. ಅದನ್ನು ಒಂದು ವರ್ಷದ ಏರ್ಪಾಡು ಅಂದುಕೊಳ್ಳಿ, ಹತ್ತು ವರ್ಷದ್ದಲ್ಲ.

ಗುರುಪ್ರಸಾದ್ ಕೆ

ಅಷ್ಟೊಂದು ಗ್ಲಿಸರಾಲ್ ಕೆಲವಕ್ಕೆ ವಿಷದ ಹಾಗೆ ಆಗುತ್ತದೆ. ಅದೂ ಹೇಳಿ.

ಸುಮಾ ಬಿ

ಒಪ್ಪಿದೆ. ಎಲ್ಲಕ್ಕೂ ಒಗ್ಗುವುದಿಲ್ಲ. ಅದಕ್ಕೇ ಎಣಿಸಿ ಅಂದದ್ದು.

ಮೈನಸ್ 80ರಲ್ಲಿ ಜಾಗ ಸಿಗುತ್ತದೆ ಅಂದಿದ್ದಾರಲ್ಲ, ಅದಕ್ಕೆ ಹೀಗೆ ಮಾಡಿ. ಟಿಝಡ್‌ಸಿ ಪ್ಲೇಟಿಂದ ಹರಿಯುವ ಬಿಳಿ ಕಾಲೊನಿಗಳನ್ನು ಆರಿಸಿ. ಒಂದನ್ನೇ ಅಲ್ಲ, ಕೆಲವನ್ನು ಸೇರಿಸಿ. ಬ್ರಾತ್‌ನಲ್ಲಿ 28 ಡಿಗ್ರಿಯಲ್ಲಿ ಶೇಕರ್ ಮೇಲೆ ಒಂದು ರಾತ್ರಿ ಮಾತ್ರ. ಆ ಬ್ರಾತನ್ನೂ ಒಮ್ಮೆ ಟಿಝಡ್‌ಸಿ ಮೇಲೆ ಎಳೆದು ನೋಡಿ, ಕೆಂಪು ಹುಟ್ಟಿದೆಯೋ ಅಂತ. ಕ್ರಯೋ ವಯಲ್‌ಗೆ ಕಲ್ಚರ್ ಅರ್ಧ ಮಿಲಿ, ಮೊದಲೇ ಆಟೋಕ್ಲೇವ್ ಮಾಡಿಟ್ಟ 50% ಗ್ಲಿಸರಾಲ್ ಅರ್ಧ ಮಿಲಿ. ಕೊನೆಗೆ 25% ಆಯಿತು.

ಇಲ್ಲಿ ಹೊಸಬರು ಎಡವುವುದು ಕಲಸುವುದರಲ್ಲಿ. ಗ್ಲಿಸರಾಲ್ ಭಾರ, ತಳಕ್ಕೆ ಹೋಗಿ ಕೂರುತ್ತದೆ. ವಯಲನ್ನು ಬೆಳಕಿಗೆ ಹಿಡಿದರೆ ಒಳಗೆ ಎಣ್ಣೆಯಂತೆ ಸುರುಳಿ ಗೆರೆಗಳು ಕಾಣುತ್ತವೆ. ಆ ಗೆರೆ ಇರುವವರೆಗೂ ಕಲಸಿಲ್ಲ ಅಂತ ಅರ್ಥ. ಹಾಗೇ ಫ್ರೀಜರ್‌ಗೆ ಹೋದರೆ ಮೇಲಿನ ಕಲ್ಚರ್‌ಗೆ ರಕ್ಷಣೆ ಇಲ್ಲ, ಮುಂದೆ ನೀವು ಕೆರೆದು ತೆಗೆಯುವುದು ಅದನ್ನೇ. ತೆಗೆಯುವಾಗಲೂ ವಯಲ್ ಕರಗಿಸಬೇಡಿ. ತಣ್ಣಗಿನ ಬ್ಲಾಕ್‌ನಲ್ಲಿಟ್ಟು, ಲೂಪಿನಿಂದ ಮೇಲೆ ಒಂದಿಷ್ಟು ಕೆರೆದು, ತಕ್ಷಣ ವಾಪಸ್.

ಬಾಡಿದ ಟೊಮೆಟೊ

ತುಂಬಾ ಧನ್ಯವಾದ ಮೇಡಂ. ಆದರೆ ಆ ಮೈನಸ್ 80 ನಮ್ಮದಲ್ಲ, ಮಳೆಗಾಲದಲ್ಲಿ ಕರೆಂಟಿನ ಕಥೆಯೂ ಗೊತ್ತಲ್ವಾ. ಫ್ರೀಜ್ ಡ್ರೈ ಮಾಡಿಸಿದರೆ ಕರೆಂಟಿನ ಹಂಗೇ ಇರುವುದಿಲ್ಲ ಅಂತಾರೆ?

ಹಳೇ ಲ್ಯಾಬು

ಇದು ನನ್ನ ಕೈಯಲ್ಲಿ ಮಾಡಿದ ಕೆಲಸ ತಮ್ಮಾ, ಹೇಳುತ್ತೇನೆ ಕೇಳು. ದಟ್ಟ ಕಲ್ಚರನ್ನು 10% ಸ್ಕಿಮ್ ಮಿಲ್ಕ್‌ನಲ್ಲಿ ಕದಡಿ, ಆಂಪೂಲ್‌ಗೆ ಸ್ವಲ್ಪ ಸ್ವಲ್ಪ ಹಾಕಿ, ಮೈನಸ್ 40ಕ್ಕೆ ಗಟ್ಟಿ ಮಾಡಿ ವ್ಯಾಕ್ಯೂಮ್ ಎಳೆಯುವುದು. ಮಂಜು ನೀರಾಗದೆ ನೇರ ಆವಿಯಾಗಿ ಹೋಗಬೇಕು. ಚೆನ್ನಾಗಿ ಆದದ್ದು ಬಿಳಿ ಬಿಲ್ಲೆಯ ಹಾಗೆ ಗರಿಗರಿಯಾಗಿ ನಿಲ್ಲುತ್ತದೆ. ಕುಸಿದು, ಅಂಟಂಟಾಗಿ, ಗಾಜಿಗೆ ಮೆತ್ತಿಕೊಂಡಿದ್ದರೆ ನಡುವೆ ಕರಗಿದೆ ಅಂತ, ಅದನ್ನು ಇಡಬೇಡ. ಕೊನೆಗೆ ವ್ಯಾಕ್ಯೂಮ್‌ನಲ್ಲೇ ಬೆಂಕಿಯಿಂದ ಕತ್ತು ಮುಚ್ಚುವುದು. ಸ್ಪಾರ್ಕ್ ಟೆಸ್ಟರ್ ಹಿಡಿದರೆ ಒಳಗೆ ನೀಲಿ ಬೆಳಕು ಬರಬೇಕು. ಬರದಿದ್ದರೆ ಗಾಳಿ ನುಗ್ಗಿದೆ.

ಇಷ್ಟು ಆದ ಮೇಲೆ ಫ್ರಿಜ್‌ನಲ್ಲಿ, ಬೆಳಕು ಬೀಳದ ಹಾಗೆ ಇಟ್ಟರೆ ಹತ್ತಾರು ವರ್ಷ. ಅಂಚೆಯಲ್ಲೂ ಕಳಿಸಬಹುದು. ಚಂಡೀಗಢದ ಕಲ್ಚರ್ ಸಂಗ್ರಹ ಎಂಟಿಸಿಸಿಯಿಂದ ಕಲ್ಚರ್ ತರಿಸಿದರೆ ಬರುವುದು ಇಂಥ ಆಂಪೂಲೇ.

ಆದರೆ ಒಣಗಿಸುವ ಹೊತ್ತಿಗೆ ಎಷ್ಟೋ ಸಾಯುತ್ತವೆ. ಬ್ಯಾಸಿಲಸ್‌ಗೆ ಬೀಜಕ ಇದೆ, ಅದಕ್ಕೆ ಚಿಂತೆಯಿಲ್ಲ. ನಿನ್ನದು ಗ್ರಾಂ ನೆಗೆಟಿವ್, ಜಾಸ್ತಿ ಪೆಟ್ಟು ತಿನ್ನುತ್ತದೆ. ಉಳಿದದ್ದೂ ಗಾಯಗೊಂಡಿರುತ್ತದೆ. ಆಂಪೂಲ್ ಒಡೆದು ಅರ್ಧ ಮಿಲಿ ಬ್ರಾತ್ ಹಾಕಿ, ಅರ್ಧ ಗಂಟೆ ಹಾಗೇ ಬಿಡಬೇಕು. ನಮ್ಮಲ್ಲಿ ಒಬ್ಬರು ಇ. ಕೋಲಿ ಆಂಪೂಲ್ ಒಡೆದ ಕೂಡಲೇ ಮ್ಯಾಕಾಂಕಿ ಮೇಲೆ ಹಾಕಿ, ಸತ್ತಿದೆ ಅಂತ ಕಂಪ್ಲೇಂಟ್ ಬರೆದರು. ಅದೇ ಆಂಪೂಲಿನ ಉಳಿಕೆಯನ್ನು ನ್ಯೂಟ್ರಿಯೆಂಟ್ ಅಗರ್ ಮೇಲೆ ಹಾಕಿದೆ, ಮರುದಿನ ಧಾರಾಳ ಬಂದಿತ್ತು. ಮ್ಯಾಕಾಂಕಿಯಲ್ಲಿರುವ ಬೈಲ್ ಸಾಲ್ಟನ್ನು ಗಾಯಾಳು ತಡೆದುಕೊಳ್ಳುವುದಿಲ್ಲ.

ಸುಮಾ ಬಿ

ಒಳ್ಳೆ ಮಾತು ಸರ್. ಒಂದು ಸೇರಿಸುತ್ತೇನೆ. ಫ್ರೀಜ್ ಡ್ರೈ ಕೆಟ್ಟದ್ದನ್ನು ಸರಿ ಮಾಡುವುದಿಲ್ಲ. ಈಗಿರುವ ಕೆಂಪು ಕಾಲೊನಿಯನ್ನೇ ಒಣಗಿಸಿದರೆ, ಹತ್ತಾರು ವರ್ಷ ಕೆಂಪು ಕಾಲೊನಿಯೇ ಸಿಗುತ್ತದೆ. ಅದರ ಜೊತೆ ಪ್ರತಿ ಆಂಪೂಲ್ ಒಂದೇ ಸಲಕ್ಕೆ. ನೀವು ವಾರಕ್ಕೊಮ್ಮೆ ಗಿಡಕ್ಕೆ ಹಾಕುವವರು, ದಿನನಿತ್ಯಕ್ಕೆ ಅದು ಆಗುವ ಮಾತಲ್ಲ. ಪ್ರಬಂಧದ ಮುಖ್ಯವಾದ ಒಂದೆರಡು ಕಲ್ಚರ್ ಮಾತ್ರ ಎಂಟಿಸಿಸಿಗೋ ಪುಣೆಯ ಎನ್‌ಸಿಐಎಂಗೋ ಕೊಡುವ ಬಗ್ಗೆ ವಿಚಾರಿಸಿ.

ಇನ್ನು, ಇಷ್ಟು ಹೊತ್ತು ಯಾರೂ ಹೇಳದ ದಾರಿ ಒಂದಿದೆ, ಮತ್ತು ರಾಲ್ಸ್ಟೋನಿಯಕ್ಕೆ ಅದೇ ಹಳೆಯ ರೂಢಿ: ಬರೀ ನೀರು. ಸ್ಕ್ರೂ ಕ್ಯಾಪ್ ಟ್ಯೂಬಿನಲ್ಲಿ 5 ಮಿಲಿ ಡಿಸ್ಟಿಲ್ಡ್ ವಾಟರ್ ಆಟೋಕ್ಲೇವ್ ಮಾಡಿ. ಹರಿಯುವ ಕಾಲೊನಿಗಳಿಂದ ಒಂದು ಲೂಪ್ ಹಾಕಿ, ನೀರು ತುಸು ಮಬ್ಬಾಗಲಿ. ಬಿಗಿಯಾಗಿ ಮುಚ್ಚಿ ಬೀರುವಿನಲ್ಲಿಡಿ. ವರ್ಷಗಟ್ಟಲೆ ಇರುತ್ತದೆ, ರೋಗ ಬರಿಸುವ ಶಕ್ತಿಯೂ ಉಳಿಯುತ್ತದೆ. ನೀರಿನಲ್ಲಿ ತಿನ್ನಲು ಏನೂ ಇಲ್ಲ, ಹಾಗಾಗಿ ಹೆಚ್ಚು ವಂಶ ಬೆಳೆಯುವುದಿಲ್ಲ, ಲೋಳೆ ಮಾಡುವುದನ್ನು ಬಿಟ್ಟವಕ್ಕೆ ಮುಂದೆ ಹೋಗುವ ಅವಕಾಶವೂ ಇಲ್ಲ. ಫ್ರಿಜ್‌ನಲ್ಲಿ ಮಾತ್ರ ಇಡಬೇಡಿ. 4 ಡಿಗ್ರಿಯಲ್ಲಿ ನೀರಿನಲ್ಲಿದ್ದರೆ ಅದು ಬದುಕಿದ್ದೂ ಪ್ಲೇಟ್ ಮೇಲೆ ಬೆಳೆಯದ ಸ್ಥಿತಿಗೆ ಹೋಗುತ್ತದೆ. ಸ್ಲ್ಯಾಂಟನ್ನು ಫ್ರಿಜ್‌ನಲ್ಲಿಡುವ ಅಭ್ಯಾಸದಲ್ಲಿ ಇದನ್ನೂ ಅಲ್ಲಿಗೇ ಸೇರಿಸಿಬಿಡುತ್ತಾರೆ.

ಗುರುಪ್ರಸಾದ್ ಕೆ

ನೀರಿನಲ್ಲಿ? ಬೀರುವಿನಲ್ಲಿ? ನಮ್ಮ ಆಡಿಟರ್ ಕೇಳಿದರೆ ಮೂರ್ಛೆ ಹೋಗುತ್ತಾರೆ.

ಸುಮಾ ಬಿ

ನಿಮ್ಮ ಇ. ಕೋಲಿಗೆ ಹೇಳಿಲ್ಲ ಸರ್.

ಬಾಡಿದ ಟೊಮೆಟೊ

ಟಿಝಡ್‌ಸಿ ಮಾಡಿ ನೋಡಿದೆ. ಮೇಡಂ ಹೇಳಿದ ಹಾಗೇ ಇದೆ. ಕೋಲಾರದ ಟೊಮೆಟೊ ಕಲ್ಚರ್ ಬಹುಪಾಲು ಕೆಂಪು, ನಡುವೆ ಬೆರಳೆಣಿಕೆಯಷ್ಟು ಬಿಳಿ ಹರಿಯುವ ಕಾಲೊನಿ. ಅವನ್ನು ನೀರಿಗೂ ಗ್ಲಿಸರಾಲ್‌ಗೂ ಹಾಕಿದ್ದೇನೆ. ಸಾಗರದ ಶುಂಠಿ ಕಲ್ಚರ್ ಮಾತ್ರ ಪೂರ್ತಿ ಕೆಂಪು, ಒಂದೂ ಬಿಳಿ ಇಲ್ಲ. ಅದನ್ನು ಗಿಡಕ್ಕೆ ಹಾಕಿ ಮತ್ತೆ ಬೇರ್ಪಡಿಸಿದರೆ ಶಕ್ತಿ ವಾಪಸ್ ಬರುತ್ತದಾ? ಗೈಡ್ ಹಾಗೇ ಮಾಡು ಅನ್ನುತ್ತಿದ್ದಾರೆ.

ಹಳೇ ಲ್ಯಾಬು

ಮಾಡು. ಹಿಂದೆಲ್ಲ ಅದನ್ನೇ ಮಾಡುತ್ತಿದ್ದೆವು. ಕಾಂಡ ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ನಿಲ್ಲಿಸು, ಹಾಲಿನ ದಾರದ ಹಾಗೆ ಇಳಿದರೆ ಅದೇ ನಿನ್ನ ದುಂಡಾಣು.

ಸುಮಾ ಬಿ

ಪ್ರಯತ್ನ ಮಾಡಬಹುದು, ಆದರೆ ನನಗೆ ಪೂರ್ತಿ ಮನಸ್ಸಿಲ್ಲ. ಕೆಂಪಿನ ನಡುವೆ ಪ್ಲೇಟ್ ಮೇಲೆ ಕಾಣದಷ್ಟು ಬಿಳಿ ಉಳಿದಿದ್ದರೆ, ಗಿಡದೊಳಗೆ ಅದು ಮೇಲೆ ಬರುತ್ತದೆ. ಉಳಿದೇ ಇಲ್ಲದಿದ್ದರೆ, ಕೆಲವು ಬದಲಾವಣೆ ಹಿಂದಕ್ಕೆ ತಿರುಗುತ್ತವೆ, ಕೆಲವು ತಿರುಗುವುದಿಲ್ಲ. ಜೀನಿನಿಂದ ಒಂದು ತುಂಡೇ ಬಿದ್ದುಹೋಗಿದ್ದರೆ ಎಷ್ಟು ಗಿಡಕ್ಕೆ ಹಾಕಿದರೂ ಅಷ್ಟೇ. ಬಂದರೂ, ಅದು ನೀವು ಮೊದಲು ಬೇರ್ಪಡಿಸಿದ್ದೇ ಅಂತ ಪ್ರಬಂಧದಲ್ಲಿ ಬರೆಯುವ ಹಾಗಿಲ್ಲ. ಗಿಡದ ಮೂಲಕ ಬಂದದ್ದು ಅಂತ ಹೊಸ ನಂಬರ್ ಕೊಟ್ಟು ಬರೆಯಿರಿ. ಮಳೆಗಾಲದಲ್ಲಿ ಸಾಗರಕ್ಕೆ ಹೋಗಿ ಹೊಸದಾಗಿ ಬೇರ್ಪಡಿಸುವುದು ನನ್ನ ಪ್ರಕಾರ ಮೇಲು.

ಲಾನ್ಸಿಂಗ್ ಕನ್ನಡಿಗ

ಕೆಂಪಾದದ್ದನ್ನು ಎಸೆಯಬೇಡಿ. ಯಾವ ಬದಲಾವಣೆ ಅಂತ ಸೀಕ್ವೆನ್ಸ್ ಮಾಡಿಸಿದರೆ ಅದೇ ಒಂದು ಅಧ್ಯಾಯ ಆಗಬಹುದು.

ಬಾಡಿದ ಟೊಮೆಟೊ

ಗೈಡ್ ಗಿಡಕ್ಕೆ ಹಾಕು ಅಂತಲೇ ಪಟ್ಟು ಹಿಡಿದಿದ್ದಾರೆ. ಎರಡೂ ಮಾಡುತ್ತೇನೆ. ಒಂದು ಚಿಕ್ಕ ಪ್ರಶ್ನೆ: ವಯಲ್ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಸ್ಪಿರಿಟ್ ಒರೆಸಿದರೆ ಹೋಗುತ್ತಿದೆ, ಏನು ಮಾಡಲಿ?

ಹಳೇ ಲ್ಯಾಬು

ಕ್ರಯೋ ಲೇಬಲ್ ಸಿಗುತ್ತದೆ. ಇಲ್ಲದಿದ್ದರೆ ಪೆನ್ಸಿಲ್‌ನಲ್ಲಿ ಬರೆ, ಮೇಲೆ ಟೇಪ್ ಸುತ್ತು. ಕಲ್ಚರ್ ನಂಬರ್, ತಾರೀಕು, ಎಷ್ಟನೇ ದಾಟು, ಮೂರೂ ಇರಲಿ. ಅದನ್ನೇ ನೋಟ್‌ಬುಕ್ಕಿನಲ್ಲೂ ಬರೆ.

ಗುರುಪ್ರಸಾದ್ ಕೆ

ಸುಮಾ ಮೇಡಂ, ನಮ್ಮ 15%ದ್ದನ್ನು ಸೋಮವಾರ ಡೈಲ್ಯೂಷನ್ ಮಾಡಿ ಎಣಿಸುತ್ತೇನೆ. ಇಟ್ಟ ದಿನ ಎಣಿಸಿಲ್ಲ, ಯಾವುದಕ್ಕೆ ಹೋಲಿಸಲಿ?

ಸುಮಾ ಬಿ

ಹೋಲಿಸಲು ಆಗುವುದಿಲ್ಲ. ಸೋಮವಾರದ್ದನ್ನೇ ಮೊದಲ ಲೆಕ್ಕ ಅಂತ ಇಟ್ಟುಕೊಂಡು, ಆರು ತಿಂಗಳಿಗೆ ಇನ್ನೊಂದು ವಯಲ್ ಎಣಿಸಿ. ಎಣಿಸಲು ಒಮ್ಮೆ ಕರಗಿಸಿದ ವಯಲನ್ನು ವಾಪಸ್ ಫ್ರೀಜರ್‌ಗೆ ಹಾಕಬೇಡಿ.

ಗುರುಪ್ರಸಾದ್ ಕೆ

ಸರಿ. 50%ಗೆ ಮಾತ್ರ ನಾನಿನ್ನೂ ಒಪ್ಪಿಲ್ಲ.